ಯಾರು ಇರಿದ ಚಾಕು? ಗಡಿನಾಡಿನ ಠಾಣಾ ವರದಿಗಳು ಇಂಗ್ಲಿಷಾದ ಬಗೆ

1946ರ ಡಿಸೆಂಬರಿನಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಗುಂಟೂರು ಸೆಷನ್ಸ್ ನ್ಯಾಯಾಲಯದಿಂದ ಮದ್ರಾಸು ಹೈಕೋರ್ಟಿನ ಮೂಲಕ ಬಂದಿದ್ದ ಒಂದು ಮೇಲ್ಮನವಿಯನ್ನು ತೀರ್ಮಾನಿಸಿತು. ಹಳ್ಳಿಯ ಎರಡು ಪಂಗಡಗಳ ನಡುವಿನ ಹೊಡೆದಾಟ, ಅದರಲ್ಲಾದ ಕೊಲೆ, ಒಂದು ಪಂಗಡದ ಹಲವರಿಗೆ ಶಿಕ್ಷೆ: ಆ ಕಾಲದ ಮದ್ರಾಸು ಪ್ರಾಂತ್ಯದಲ್ಲಿ ಇಂಥ ಮೊಕದ್ದಮೆ ಅಪರೂಪದ್ದೇನಲ್ಲ. ಆದರೆ ಪುಲುಕೂರಿ ಕೋಟಯ್ಯ ಪ್ರಕರಣವೆಂದು ಹೆಸರಾದ ಈ ತೀರ್ಪನ್ನು ಭಾರತದ ಕ್ರಿಮಿನಲ್ ನ್ಯಾಯಾಲಯಗಳು ಇಂದಿಗೂ ಉದ್ಧರಿಸುತ್ತವೆ. ಕಾನೂನಿನ ವಿದ್ಯಾರ್ಥಿಗಳು ಇದನ್ನು ಸಾಕ್ಷ್ಯ ಅಧಿನಿಯಮದ 27ನೆಯ ಕಲಮಿನ ವ್ಯಾಖ್ಯಾನವೆಂದು ಓದುತ್ತಾರೆ. ನಾನು ಇಲ್ಲಿ ಇದನ್ನು ಅನುವಾದದ ಚರಿತ್ರೆಯ ಒಂದು ದಾಖಲೆಯೆಂದು ಓದಲು ಬಯಸುತ್ತೇನೆ. ಏಕೆಂದರೆ ಆ ಪೀಠದ ಮುಂದಿದ್ದದ್ದು ತೆಲುಗು ನಾಡಿನ ಒಬ್ಬ ಬಂಧಿತ ಪೊಲೀಸರ ಮುಂದೆ ಆಡಿದ ಮಾತು. ಆದರೆ ಪೀಠ ತೂಗಿದ್ದು ಇಂಗ್ಲಿಷ್ ವಾಕ್ಯಗಳನ್ನು.

ಆ ಹೇಳಿಕೆಯ ಸಾರ ಇಷ್ಟು: ನಾವು ಇಂತಿಂಥವರು ಸಂಜೆಯ ಹೊತ್ತಿಗೆ ಕೆರೆಯ ಮೂಲೆಯಲ್ಲಿ ಹೊಂಚಿ ಕುಳಿತೆವು, ಇಬ್ಬರನ್ನು ಹೊಡೆದು ಕೊಂದೆವು, ಉಳಿದವರು ಓಡಿದರು, ನಮ್ಮ ಕಡೆಯವನೊಬ್ಬನಿಗೆ ಕೈಗೆ ಪೆಟ್ಟಾಯಿತು, ಅವನ ಕೈಯಲ್ಲಿ ಭರ್ಜಿ ಇತ್ತು, ಅದನ್ನು ನನಗೆ ಕೊಟ್ಟ, ಅದನ್ನೂ ನನ್ನ ದೊಣ್ಣೆಯನ್ನೂ ಊರಿನ ಇಂಥವರ ಬಣವೆಯಲ್ಲಿ ಬಚ್ಚಿಟ್ಟೆ, ಬಂದರೆ ತೋರಿಸುತ್ತೇನೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬುದು 1872ರ ಅಧಿನಿಯಮದ ಮೂಲ ನಿಯಮ. ಆದರೆ ಬಂಧನದಲ್ಲಿರುವವನು ಕೊಟ್ಟ ಮಾಹಿತಿಯಿಂದ ಯಾವುದಾದರೊಂದು ಸಂಗತಿ ಪತ್ತೆಯಾದರೆ, ಆ ಪತ್ತೆಗೆ ಸ್ಪಷ್ಟವಾಗಿ ಸಂಬಂಧಿಸಿದಷ್ಟು ಭಾಗವನ್ನು ಮಾತ್ರ ರುಜುವಾತು ಮಾಡಬಹುದು ಎಂದು 27ನೆಯ ಕಲಮು ಹೇಳುತ್ತಿತ್ತು. ‘ಅಷ್ಟು ಭಾಗ’ ಎಂದರೆ ಎಷ್ಟು? ಮದ್ರಾಸಿನ ಪೂರ್ಣ ಪೀಠ 1937ರ ಅತ್ತಪ್ಪ ಗೌಂಡನ್ ಪ್ರಕರಣದಲ್ಲಿ ಇದನ್ನು ಸಡಿಲವಾಗಿ ಅರ್ಥೈಸಿ, ಸಿಕ್ಕಿದ ವಸ್ತುವನ್ನು ಅಪರಾಧಕ್ಕೆ ಜೋಡಿಸುವ ಮಾತುಗಳನ್ನೂ ಒಳಗೆ ಬಿಟ್ಟಿತ್ತು. ಪ್ರಿವಿ ಕೌನ್ಸಿಲಿನ ಪರವಾಗಿ ತೀರ್ಪು ಬರೆದ ಸರ್ ಜಾನ್ ಬೋಮಂಟ್ ಅದನ್ನು ಒಪ್ಪಲಿಲ್ಲ. ಬಚ್ಚಿಟ್ಟೆ, ತೋರಿಸುತ್ತೇನೆ ಎಂಬ ಭಾಗ ಮಾತ್ರ ಉಳಿಯಿತು. ಹೊಂಚಿದ್ದು, ಕೊಂದದ್ದು ಎಲ್ಲ ಹೊರಗೆ ಹೋಯಿತು. ಉಳಿದ ತುಣುಕಿನಲ್ಲಿ ‘ಅದನ್ನು’ ಎಂಬ ಸರ್ವನಾಮವೊಂದು ಅನಾಥವಾಯಿತು. ಅದು ಯಾವುದನ್ನು ಸೂಚಿಸುತ್ತದೆಂಬುದು ಕತ್ತರಿಸಿದ ಭಾಗದಲ್ಲಿತ್ತಷ್ಟೆ. ಆದ್ದರಿಂದ ತೀರ್ಪು ಅಲ್ಲೊಂದು ಆವರಣ ಹಾಕಿ ‘ಭರ್ಜಿ’ ಎಂದು ಸೇರಿಸಿಕೊಳ್ಳಬೇಕಾಯಿತು.

ತೀರ್ಪು ತನ್ನ ನಿಲುವನ್ನು ವಿಶದಪಡಿಸಲು ಒಂದು ಉದಾಹರಣೆ ಕೊಡುತ್ತದೆ. ನನ್ನ ಮನೆಯ ಮಾಡಿನಲ್ಲಿ ಬಚ್ಚಿಟ್ಟ ಚಾಕುವನ್ನು ತಂದುಕೊಡುತ್ತೇನೆ ಎಂದು ಬಂಧಿತನು ಹೇಳಿದರೆ ಆ ಮಾತು ಸಾಕ್ಷ್ಯವಾದೀತು. ಅದರ ಜೊತೆಗೆ, ಆ ಚಾಕುವಿನಿಂದ ನಾನು ಇಂಥವನನ್ನು ಇರಿದೆ ಎಂಬರ್ಥದ ಉಪವಾಕ್ಯ ಸೇರಿದರೆ ಆ ಉಪವಾಕ್ಯ ಮಾತ್ರ ಸಾಕ್ಷ್ಯವಾಗದು. ಇಂಗ್ಲಿಷಿನಲ್ಲಿ ಈ ಕತ್ತರಿಯ ಕೆಲಸ ಬಹಳ ಸಲೀಸು. ವಿಶೇಷಣದ ಉಪವಾಕ್ಯ ನಾಮಪದದ ಹಿಂದೆ ಬಾಲದಂತೆ ಅಂಟಿಕೊಂಡಿರುತ್ತದೆ. ಬಾಲವನ್ನು ಕತ್ತರಿಸಿದರೆ ದೇಹಕ್ಕೆ ನೋವಾಗದು. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಆ ಮಾತು ಹುಟ್ಟುವುದೇ ಬೇರೆ ಆಕಾರದಲ್ಲಿ: ‘ಇರಿದ ಚಾಕುವನ್ನು ಮಾಡಿನಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ.’ ಇಲ್ಲಿ ಇರಿತವು ನಾಮಪದದ ಮುಂದೆ, ಚಾಕುವಿನ ಗುರುತಾಗಿಯೇ ನಿಂತಿದೆ. ಅದು ಯಾವ ಚಾಕು ಎಂಬುದಕ್ಕೆ ಅದೇ ಉತ್ತರ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿ ಇದೆ. ‘ಇರಿದ’ ಎಂಬ ಕೃದಂತದಲ್ಲಿ ಕರ್ತೃವಿನ ಗುರುತಿಲ್ಲ. ‘ನಾನು ಇರಿದ ಚಾಕು’, ‘ಅವನು ಇರಿದ ಚಾಕು’, ‘ಅವರು ಇರಿದ ಚಾಕು’ ಎಲ್ಲದರಲ್ಲೂ ಇರಿದ ಎಂಬುದೇ ರೂಪ. ಕರ್ತೃಪದವನ್ನು ಬಿಟ್ಟು ‘ಇರಿದ ಚಾಕು’ ಎಂದರೆ ಇರಿತಕ್ಕೆ ಬಳಕೆಯಾದ ಚಾಕು ಎಂದಷ್ಟೇ ಆಯಿತು. ಹೇಳುವವನು ಇರಿದಿರಬಹುದು, ಇರಿದವನು ಕೊಟ್ಟದ್ದನ್ನು ಅಡಗಿಸಿಟ್ಟಿರಬಹುದು. ಇಂಗ್ಲಿಷಿಗೆ ತರುವಾಗ ಅನುವಾದಕನು ಕರ್ತರಿ ವಾಕ್ಯವನ್ನು ಆಯ್ದುಕೊಂಡರೆ ಒಂದು ಕರ್ತೃವನ್ನು ನಿಲ್ಲಿಸಲೇಬೇಕು. ಹತ್ತಿರದಲ್ಲಿ ಕಾಣುವ ಕರ್ತೃ ‘ನಾನು’. ಆ ಒಂದು ‘ಐ’ ಸೇರಿದ ಕ್ಷಣದಲ್ಲಿ ತಪ್ಪೊಪ್ಪಿಗೆಯಲ್ಲದ ಮಾತು ತಪ್ಪೊಪ್ಪಿಗೆಯಾಗುತ್ತದೆ. 27ನೆಯ ಕಲಮಿನ ಕತ್ತರಿ ಮುಂದೆ ಅದನ್ನು ಕತ್ತರಿಸಿ ಹಾಕೀತು ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಕತ್ತರಿಸುವ ಮುನ್ನ ನ್ಯಾಯಾಧೀಶರು ಅದನ್ನು ಓದಿರುತ್ತಾರೆ. ‘ದಿ ನೈಫ್ ಯೂಸ್ಡ್ ಇನ್ ದಿ ಸ್ಟಾಬಿಂಗ್’ ಎಂಬ ಅನುವಾದದಲ್ಲಿ ಕರ್ತೃ ಇಲ್ಲ, ಮೂಲದಲ್ಲಿಯೂ ಇಲ್ಲ. ಇದು ಸೊಗಸಾದ ಇಂಗ್ಲಿಷೇ ಅಲ್ಲವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ.

ಸಂಗತಿ ಕೆಡದಂತೆ ಅನುವಾದಿಸುವುದೆಂದರೆ ಹೆಸರು, ತಾರೀಕು, ಸಂಖ್ಯೆಗಳನ್ನು ಸರಿಯಾಗಿ ಇಳಿಸುವುದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅವು ಕೆಡುವುದು ಕಡಿಮೆ. ಕೆಟ್ಟರೂ ಯಾರಾದರೂ ಕಂಡುಹಿಡಿಯುತ್ತಾರೆ. ಕಣ್ತಪ್ಪಿಸಿ ಕೆಡುವುದು ವ್ಯಾಕರಣದೊಳಗೆ ಕುಳಿತಿರುವ ಸಂಗತಿ. ಒಂದು ಭಾಷೆ ಹೇಳದೆ ಬಿಡಬಹುದಾದುದನ್ನು ಇನ್ನೊಂದು ಭಾಷೆ ಹೇಳಲೇಬೇಕೆಂದು ಹಟ ಹಿಡಿಯುತ್ತದೆ. ಗಡಿನಾಡಿನಲ್ಲಿ ಈ ಹಟ ಒಂದಲ್ಲ, ಎರಡು ಮೆಟ್ಟಿಲಲ್ಲಿ ಎದುರಾಗುತ್ತಿತ್ತು.

ಕಾಸರಗೋಡು ಅಂದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತಾಲೂಕು. ಜಿಲ್ಲೆಯ ಕಚೇರಿಯ ಬರವಣಿಗೆ ಕನ್ನಡದಲ್ಲಿ. ಜನರ ಮಾತು ತುಳು, ಮಲಯಾಳಂ, ಕೊಂಕಣಿ, ಬ್ಯಾರಿ, ಮರಾಠಿ, ಕನ್ನಡ. ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಹೋದಷ್ಟೂ ಮಲಯಾಳವೇ ಹೆಚ್ಚು. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 154ನೆಯ ಕಲಮಿನಂತೆ ಠಾಣೆಗೆ ಬಂದ ಬಾಯಿಮಾತಿನ ವರ್ತಮಾನವನ್ನು ಬರಹಕ್ಕಿಳಿಸಬೇಕು, ಹೇಳಿದವನಿಗೆ ಓದಿ ಕೇಳಿಸಬೇಕು, ಅವನ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಈ ಮೂರು ಹೆಜ್ಜೆಗಳನ್ನು ಒಂದೇ ಭಾಷೆಯಲ್ಲಿ ಕಲ್ಪಿಸಿಕೊಂಡೇ ಕಾನೂನು ಬರೆದಂತಿದೆ. ಮಲಯಾಳದಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದು, ಬರೆದುದನ್ನು ಮತ್ತೆ ಬಾಯಲ್ಲೇ ಮಲಯಾಳಕ್ಕೆ ತಿರುಗಿಸಿ ಓದಿ ಹೇಳಿದರೆ, ಹೆಬ್ಬೆಟ್ಟು ಒತ್ತಿದವನು ಒಪ್ಪಿಕೊಂಡದ್ದು ಯಾವ ಪಠ್ಯವನ್ನು? ಅವನು ಕೇಳಿದ ಮಾತು ಕಾಗದದ ಮೇಲಿಲ್ಲ. ಕಾಗದದ ಮೇಲಿನದನ್ನು ಅವನು ಕೇಳಿಲ್ಲ. ‘ಓದಿ ಹೇಳಲಾಗಿ ಸರಿಯಿದೆಯೆಂದು ಒಪ್ಪಿದ’ ಎಂಬ ಕೊನೆಯ ಸಾಲನ್ನು ಇಂಗ್ಲಿಷಿಗೆ ಹಾಕುವಾಗ ‘ತನ್ನ ಭಾಷೆಯಲ್ಲಿ ವಿವರಿಸಲಾಯಿತು’ ಎಂದು ಬೆಳೆಸುವುದು ಒಳ್ಳೆಯ ಉದ್ದೇಶದ ಸುಳ್ಳು. ಮೂಲದಲ್ಲಿ ಭಾಷೆಯ ಹೆಸರಿಲ್ಲದಿದ್ದರೆ ಅನುವಾದದಲ್ಲಿಯೂ ಇರಕೂಡದು.

ಈ ಪ್ರದೇಶದ ಅತಿ ಪ್ರಸಿದ್ಧ ಮೊಕದ್ದಮೆಯನ್ನು ಇಲ್ಲಿ ನೆನೆಯಬಹುದು. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕಿಬಿದ್ದ ಪೊಲೀಸ್ ಪೇದೆಯೊಬ್ಬ ಹೊಳೆಯಲ್ಲಿ ಸತ್ತ. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರು ರೈತರಿಗೆ ಗಲ್ಲಾಯಿತು. ನಿರಂಜನರ ‘ಚಿರಸ್ಮರಣೆ’ ಈ ಘಟನೆಯನ್ನು ಕನ್ನಡ ಓದುಗರ ಮನೆಮಾತಾಗಿಸಿತು. ನಾನು ಆ ಮೊಕದ್ದಮೆಯ ನ್ಯಾಯಾನ್ಯಾಯಕ್ಕೆ ಇಲ್ಲಿ ಕೈಹಾಕುವುದಿಲ್ಲ. ಆ ದಿನದ ಕತೆಯನ್ನು ಯಾವ ಭಾಷೆಯಲ್ಲಿ ಹೇಳಹೊರಟರೂ ಒಂದು ಕ್ರಿಯಾಪದದ ಮುಂದೆ ನಿಲ್ಲಬೇಕಾಗುತ್ತದೆ ಎಂಬುದನ್ನಷ್ಟೇ ಗಮನಿಸಬೇಕು: ಆತ ಹೊಳೆಗೆ ಹಾರಿದನೇ, ಬಿದ್ದನೇ, ಹಾರುವಂತೆ ಮಾಡಿದರೇ? ಮೂರಕ್ಕೂ ನೀರು ಒಂದೇ, ಸಾವು ಒಂದೇ. ಕಾನೂನಿಗೆ ಮಾತ್ರ ಮೂರೂ ಬೇರೆ ಬೇರೆ ಘಟನೆಗಳು.

ಕಯ್ಯೂರಿನಂಥ ಊರಿನ ಮಾತು ಮಲಯಾಳಂ. ಮಲಯಾಳದಲ್ಲಿ, ದ್ರಾವಿಡ ಭಾಷೆಗಳ ನಡುವೆ ವಿಶೇಷವಾಗಿ, ಕ್ರಿಯಾಪದಕ್ಕೆ ಪುರುಷ, ಲಿಂಗ, ವಚನಗಳ ಪ್ರತ್ಯಯ ಹತ್ತುವುದಿಲ್ಲ. ನಾನಾದರೂ ನೀನಾದರೂ ಅವರಾದರೂ ರೂಪ ಒಂದೇ. ಕನ್ನಡದಲ್ಲಿ ಅದು ಹತ್ತಲೇಬೇಕು. ಇದರ ಪರಿಣಾಮವನ್ನು ಕಾಣಲು ನಾನೇ ಹೆಣೆದ ಒಂದು ಮಾದರಿ ವಾಕ್ಯವನ್ನು ತೆಗೆದುಕೊಳ್ಳೋಣ. ಇದು ಯಾವ ಕಡತದ್ದೂ ಅಲ್ಲ. ಪೆಟ್ಟು ತಿಂದವನೊಬ್ಬ ಠಾಣೆಗೆ ಬಂದು ಹೇಳುತ್ತಾನೆ: ‘ವಳಿಯಿಲ್ ವೆಚ್ಚ್ ತಡಞ್ಞು, ವಡಿಕೊಂಡ್ ಅಡಿಚ್ಚು, ಓಡಿಪ್ಪೋಯಿ.’ ದಾರಿಯಲ್ಲಿ ತಡೆದದ್ದು, ದೊಣ್ಣೆಯಿಂದ ಹೊಡೆದದ್ದು, ಓಡಿಹೋದದ್ದು ಎಂದು ಮೂರು ಕ್ರಿಯೆಗಳು. ಕರ್ತೃ ಒಂದಕ್ಕೂ ಇಲ್ಲ. ಮುಖಾಮುಖಿ ಕುಳಿತು ಕೇಳುವವನಿಗೆ ಸಂದರ್ಭದಿಂದ ಏನೋ ಒಂದು ಅರ್ಥವಾಗಿರುತ್ತದೆ, ಅಥವಾ ಅರ್ಥವಾಯಿತೆಂದು ಅವನು ಭಾವಿಸಿರುತ್ತಾನೆ.

ಈಗ ಅದನ್ನು ಕನ್ನಡದಲ್ಲಿ ಬರೆಯಬೇಕು. ‘ತಡೆದ, ಹೊಡೆದ’ ಎಂದರೆ ಹೊಡೆದವನು ಒಬ್ಬನೇ ಗಂಡಸು. ‘ತಡೆದರು, ಹೊಡೆದರು’ ಎಂದರೆ ಹಲವರು. ಇಲ್ಲವೇ ಗೌರವದ ಬಹುವಚನದಲ್ಲಿ ಹೇಳಬೇಕಾದ ಒಬ್ಬ ಧಣಿ. ದಂಡ ಸಂಹಿತೆಯಲ್ಲಿ ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸಮಾನ ಉದ್ದೇಶದಿಂದ ಕೂಡಿದರೆ ಅದು ಕಾನೂನುಬಾಹಿರ ಕೂಟ. ಆಗ ಒಬ್ಬನ ಕೃತ್ಯಕ್ಕೆ ಎಲ್ಲರೂ ಹೊಣೆ. ಅಂದರೆ ವಚನಪ್ರತ್ಯಯವೇ ಇಲ್ಲಿ ಒಂದು ಸಂಗತಿ, ಅದೂ ಹೇಳಿದವನ ಬಾಯಲ್ಲಿ ಬರದೆ ಬರೆದವನ ಲೇಖನಿಯಲ್ಲಿ ಹುಟ್ಟಿದ ಸಂಗತಿ. ಮೂರನೆಯ ಕ್ರಿಯೆ ಇನ್ನೂ ಕಷ್ಟದ್ದು. ‘ಓಡಿಪ್ಪೋಯಿ’ ಎಂದರೆ ಓಡಿದವನು ಹೊಡೆದವನೋ, ಪೆಟ್ಟು ತಿಂದು ತಪ್ಪಿಸಿಕೊಂಡವನೋ? ಕನ್ನಡದಲ್ಲಿ ‘ಓಡಿಹೋದ’, ‘ಓಡಿಹೋದರು’, ‘ಓಡಿಹೋದೆ’ ಈ ಮೂರರಲ್ಲಿ ಒಂದನ್ನು ಆರಿಸದೆ ವಾಕ್ಯವೇ ಮುಗಿಯದು. ಓಡಿದವನು ಫಿರ್ಯಾದಿಯೇ ಆದರೆ ಆಮೇಲೆ ನಡೆದುದನ್ನು ಅವನು ಕಂಡಿರಲಾರ. ಓಡಿದವರು ಆಕ್ರಮಣಕಾರರಾದರೆ ಅವರು ಯಾವ ದಿಕ್ಕಿಗೆ ಹೋದರೆಂದು ಅವನೇ ಹೇಳಬಲ್ಲ.

ಇಂಗ್ಲಿಷಿನ ಮೆಟ್ಟಿಲಲ್ಲಿ ಏನಾಗುತ್ತದೆ? ಮಲಯಾಳದಿಂದ ನೇರವಾಗಿ ಬಂದರೆ, ಕನ್ನಡಕ್ಕೆ ಸುಲಭವಲ್ಲದ ಒಂದು ಉಪಕಾರವನ್ನು ಇಂಗ್ಲಿಷು ಮಾಡುತ್ತದೆ. ಕರ್ಮಣಿ ಪ್ರಯೋಗ ಅದಕ್ಕೆ ಸಹಜ: ‘ಐ ವಾಸ್ ಸ್ಟಾಪ್ಡ್ ಆನ್ ದಿ ವೇ ಅಂಡ್ ಬೀಟನ್.’ ಎಷ್ಟು ಜನ ಎಂಬುದನ್ನು ಇದು ಹೇಳುವುದಿಲ್ಲ, ಮೂಲವೂ ಹೇಳಿಲ್ಲ. ಆದರೆ ಓಡುವ ಕ್ರಿಯೆಗೆ ಕರ್ಮಣಿ ಇಲ್ಲ. ಇಲ್ಲಿ ಅನುವಾದಕನ ಮುಂದೆ ಒಂದೇ ಪ್ರಾಮಾಣಿಕ ದಾರಿ: ಕರ್ತೃವಿನ ಸ್ಥಾನದಲ್ಲಿ ಚೌಕ ಆವರಣ ಹಾಕಿ ‘ಕರ್ತೃವನ್ನು ಹೇಳಿಲ್ಲ’ ಎಂದು ನಮೂದಿಸುವುದು. ಓದಲು ಅಡ್ಡಿ ನಿಜ. ಆದರೆ ಅಡ್ಡಿ ಇರುವುದು ಮೂಲದಲ್ಲೇ. ಅದನ್ನು ಸವರಿ ನುಣುಪು ಮಾಡುವ ಅಧಿಕಾರ ಅವನಿಗಿಲ್ಲ. ಇನ್ನೊಂದು ಸಣ್ಣ ಮಾತು: ‘ವಡಿ’ ಒಂದು ದೊಣ್ಣೆಯೋ ಹಲವೋ? ಕನ್ನಡದ ‘ದೊಣ್ಣೆಯಿಂದ’ ಎಂಬುದೂ ಅದನ್ನು ಹೇಳದೆ ಬಿಡಬಲ್ಲದು. ಇಂಗ್ಲಿಷಿನಲ್ಲಿ ‘ಎ ಸ್ಟಿಕ್’ ಎನ್ನಬೇಕು, ಇಲ್ಲವೇ ‘ಸ್ಟಿಕ್ಸ್’. ನಮ್ಮ ಕಚೇರಿಗಳ ಇಂಗ್ಲಿಷಿನಲ್ಲಿ ಆರ್ಟಿಕಲ್ ಬಿಟ್ಟುಹೋಗಿರುವುದನ್ನು ಕಂಡು ನಾವು ನಗುವುದುಂಟು. ‘ಬೀಟನ್ ವಿತ್ ಸ್ಟಿಕ್’ ಎಂದು ಬರೆದ ಗುಮಾಸ್ತನಿಗೆ ವ್ಯಾಕರಣ ಬಾರದಿದ್ದಿರಬಹುದು. ಆದರೆ ಅವನು ಮೂಲದಲ್ಲಿ ಇಲ್ಲದ ಎಣಿಕೆಯನ್ನು ಸೇರಿಸಲಿಲ್ಲ.

ನಿಜವಾದ ಹಾನಿಯಾಗುವುದು ಕನ್ನಡದ ಮೂಲಕ ಇಂಗ್ಲಿಷಿಗೆ ಹೋದಾಗ. ಕನ್ನಡ ಪಠ್ಯದಲ್ಲಿ ‘ಹೊಡೆದರು’ ಎಂದು ಒಮ್ಮೆ ಕುಳಿತ ಮೇಲೆ ಇಂಗ್ಲಿಷಿನ ಅನುವಾದಕನು ‘ದೇ’ ಎಂದೇ ಬರೆಯಬೇಕು. ಅವನು ತನ್ನ ಮೂಲಕ್ಕೆ ಪೂರ್ತಿ ನಿಷ್ಠನಾಗಿರುತ್ತಾನೆ, ಸರಿಯಾದ ಅನುವಾದವೆಂದು ಸಹಿಯನ್ನೂ ಹಾಕುತ್ತಾನೆ. ಸಹಿ ಸುಳ್ಳಲ್ಲ. ಆದರೂ ನಡುವಿನ ಮೆಟ್ಟಿಲಲ್ಲಿ ಜನ ಹೆಚ್ಚಿದ್ದಾರೆ. ಪತ್ತೆ ಹಚ್ಚುವ ದಾರಿ ಒಂದಿದೆ. ಅದೇ ಸಾಕ್ಷಿ ಮುಂದೆ ನ್ಯಾಯಾಲಯದಲ್ಲಿ ದ್ವಿಭಾಷಿಯ ಮೂಲಕ ನುಡಿದದ್ದು ಒಂದು ಸಂಖ್ಯೆಯನ್ನೂ ಠಾಣೆಯ ಬರಹ ಇನ್ನೊಂದನ್ನೂ ಹೇಳುತ್ತಿದ್ದು, ಬೇರೆ ಎಲ್ಲ ವಿವರಗಳು ಹೊಂದುತ್ತಿದ್ದರೆ, ಸುಳ್ಳು ಹೇಳಿದನೆಂದು ಸಾಕ್ಷಿಯನ್ನು ಶಂಕಿಸುವ ಮುನ್ನ ಕ್ರಿಯಾಪದದ ಕೊನೆಯ ಅಕ್ಷರವನ್ನು ಶಂಕಿಸಬೇಕು.

ಠಾಣೆಯ ಕನ್ನಡಕ್ಕೆ ತನ್ನದೇ ಒಂದು ನುಡಿಗಟ್ಟಿದೆ ಎಂಬುದನ್ನೂ ಇಲ್ಲಿ ಹೇಳಬೇಕು. ‘ಹೊಡೆದಿರುತ್ತಾರೆ’, ‘ಗಾಯಪಡಿಸಿರುತ್ತಾರೆ’ ಎಂಬ ರೂಪಗಳನ್ನು ಯಾವ ವರದಿಯಲ್ಲಿಯೂ ಕಾಣಬಹುದು. ಮನೆಯ ಕನ್ನಡದಲ್ಲಿ ‘ಅವನು ಹೊಡೆದಿರುತ್ತಾನೆ’ ಎಂದರೆ ಊಹೆ, ಹೊಡೆದಿರಬೇಕು ಎಂದಂತೆ. ಠಾಣೆಯ ಬರಹದಲ್ಲಿ ಅದು ಖಚಿತವಾಗಿ ನಡೆದುಹೋದ ಕ್ರಿಯೆ. ಶಿಷ್ಟ ಕನ್ನಡವನ್ನು ಮಾತ್ರ ಬಲ್ಲ ಅನುವಾದಕನು ಇದನ್ನು ಸಂಭಾವ್ಯವಾಗಿಸಿ ಆರೋಪವನ್ನು ದುರ್ಬಲಗೊಳಿಸಬಲ್ಲ. ಇದರ ವಿರುದ್ಧ ದಿಕ್ಕಿನ ಹಾನಿ ‘ಅಂತೆ’ಯದು. ಒಬ್ಬಾಕೆ ಬಂದು, ‘ರಾತ್ರಿ ಜಗಳ ಆಯಿತಂತೆ, ತಮ್ಮನಿಗೆ ಕಡಿದರಂತೆ, ನಾನು ಹೋದಾಗ ಅವನು ಅಂಗಳದಲ್ಲಿ ಬಿದ್ದಿದ್ದ’ ಎಂದು ಹೇಳುತ್ತಾಳೆ ಎನ್ನೋಣ. ಅವಳು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಎರಡಕ್ಷರದ ಪ್ರತ್ಯಯ ಗೆರೆ ಎಳೆದು ತೋರಿಸಿದೆ. ಬರಹಗಾರನು ಗ್ರಾಂಥಿಕಕ್ಕೆ ತಿರುಗಿಸುತ್ತಾ ‘ರಾತ್ರಿ ಜಗಳವಾಗಿ ತಮ್ಮನಿಗೆ ಕಡಿದಿರುತ್ತಾರೆ’ ಎಂದು ಬರೆದರೆ ಆ ಗೆರೆ ಅಳಿಸಿತು, ಕೇಳಿದವಳು ಕಂಡವಳಾದಳು. ಮುಂದೆ ಪಾಟೀಸವಾಲಿನಲ್ಲಿ ‘ನೀನು ನೋಡಿದೆಯಾ?’ ಎಂದು ಕೇಳಿದಾಗ ಅವಳು ‘ಇಲ್ಲ’ ಎಂದರೆ ಅದು ಹೇಳಿಕೆಯಲ್ಲಿನ ವಿರೋಧವೆಂದು ದಾಖಲಾಗುತ್ತದೆ.

‘ಅಂತೆ’ ಉಳಿದುಬಂದಿದ್ದರೂ ಇಂಗ್ಲಿಷಿನಲ್ಲಿ ಅದಕ್ಕೆ ಸುಲಭದ ಜೋಡಿಯಿಲ್ಲ. ಕಾನೂನಿನ ಇಂಗ್ಲಿಷಿನ ‘ಅಲೆಜ್ಡ್ಲಿ’ ತಟ್ಟನೆ ಕೈಗೆ ಸಿಗುವ ಪದ. ಆದರೆ ಅದರಲ್ಲಿ ಸಂಶಯದ ವಾಸನೆ ಇದೆ, ‘ಅಂತೆ’ಯಲ್ಲಿ ಇರಲೇಬೇಕೆಂದಿಲ್ಲ. ಹೆತ್ತ ತಾಯಿ ಹೇಳಿದ್ದನ್ನೂ ನಾವು ‘ಅಂತೆ’ ಎನ್ನುತ್ತೇವೆ. ಅದು ಮಾತಿನ ಮೂಲವನ್ನು ಹೇಳುತ್ತದೆ, ಬೆಲೆಯನ್ನಲ್ಲ. ‘ಐ ವಾಸ್ ಟೋಲ್ಡ್’ ಎಂಬುದು ಹತ್ತಿರದ ದಾರಿ. ಪ್ರತಿ ‘ಅಂತೆ’ಗೂ ಅದನ್ನು ಮತ್ತೆ ಮತ್ತೆ ಬರೆಯಬೇಕು. ಒಮ್ಮೆ ಆರಂಭದಲ್ಲಿ ಹೇಳಿ ಉಳಿದೆಡೆ ಬಿಟ್ಟರೆ ಗೆರೆ ಎಲ್ಲಿ ಮುಗಿಯಿತೆಂಬುದು ಓದುಗನಿಗೆ ತಿಳಿಯದು.

ಇನ್ನು ಪದಗಳ ವಿಷಯ. ಇಲ್ಲಿ ಎರಡನ್ನು ಮಾತ್ರ ನೋಡುತ್ತೇನೆ. ಮೊದಲನೆಯದು ‘ಕತ್ತಿ’. ಘಟ್ಟದ ಮೇಲಿನ ಕನ್ನಡಿಗನಿಗೆ ಕತ್ತಿಯೆಂದರೆ ಮೊದಲು ನೆನಪಾಗುವುದು ಖಡ್ಗ. ಕರಾವಳಿಯ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಅದು ಸೊಪ್ಪು ಸವರುವ, ಕಟ್ಟಿಗೆ ಕಡಿಯುವ, ಎಳನೀರು ಕೆತ್ತುವ ಕೆಲಸದ ಹತಾರ. ತರಕಾರಿ ಹೆಚ್ಚುವುದು ಮೆಟ್ಟುಗತ್ತಿ. ಮಲಯಾಳದಲ್ಲಿ ಅದು ಚಾಕು. ಒಂದೇ ತಾಲೂಕಿನ ಮೂವರು ಒಂದೇ ಪದವನ್ನಾಡಿ ಮೂರು ವಸ್ತುಗಳನ್ನು ಹೇಳುತ್ತಿರಬಹುದು. ಬಳ್ಳಾರಿಯಿಂದಲೋ ಮೈಸೂರಿನಿಂದಲೋ ಬಂದ ಅನುವಾದಕನು ಇದನ್ನು ‘ಸೋರ್ಡ್’ ಎಂದು ಬರೆದರೆ, ತೋಟದಿಂದ ಮನೆಗೆ ಹೊರಟಿದ್ದ ಕೂಲಿಯಾಳು ಖಡ್ಗ ಹಿಡಿದು ಹೊರಟವನಾಗುತ್ತಾನೆ. ಗಾಯ ಎಷ್ಟು ಆಳ ಎಂಬುದು ಇದರಿಂದ ಬದಲಾಗದು. ಕಡಿಯುವ ಹತಾರವೂ ಕಾನೂನಿನ ಕಣ್ಣಿನಲ್ಲಿ ಅಪಾಯಕಾರಿಯೇ. ಬದಲಾಗುವುದು ಸಿದ್ಧತೆಯ ಪ್ರಶ್ನೆ: ಜಗಳ ಎದುರಾದಾಗ ಕೈಯಲ್ಲಿದ್ದದ್ದನ್ನು ಬೀಸಿದನೋ, ಬೀಸಲೆಂದೇ ತಂದನೋ? ಮೂಲಪದವನ್ನು ‘ಕತ್ತಿ’ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ಒಂದು ಟಿಪ್ಪಣಿ ಕೊಟ್ಟು, ಜಪ್ತಿ ಮಹಜರಿನಲ್ಲಿರುವ ವಸ್ತುವಿನ ಅಳತೆಯತ್ತ ಓದುಗನನ್ನು ಕಳಿಸುವುದು ಸರಿ. ಮಹಜರಿನಲ್ಲಿ ಅಲಗಿನ ಉದ್ದ, ಹಿಡಿಯ ಬಗೆ ಬರೆದಿರುತ್ತದೆ; ಪದ ಹೇಳದ್ದನ್ನು ಅಳತೆ ಹೇಳುತ್ತದೆ.

ಇದರೊಂದಿಗೆ ಇನ್ನೊಂದು ನಿಯಮ ಸೇರಿಕೊಂಡಿದೆ. ಸಾಹಿತ್ಯವನ್ನು ಅನುವಾದಿಸಿ ಅಭ್ಯಾಸವಾದವರಿಗೆ ಇದು ರುಚಿಸುವುದು ಕಷ್ಟ. ಒಂದೇ ಪದಕ್ಕೆ ಎಲ್ಲ ಕಾಗದಗಳಲ್ಲಿಯೂ ಒಂದೇ ಸಮಾನಪದವಿರಬೇಕು. ಪ್ರಥಮ ವರ್ತಮಾನ ವರದಿಯನ್ನು ಬಳಸುವುದೇ ಹೇಳಿದವನ ನಂತರದ ಸಾಕ್ಷ್ಯವನ್ನು ಬೆಂಬಲಿಸಲು ಅಥವಾ ಖಂಡಿಸಲು. ವರದಿಯಲ್ಲಿ ‘ದೊಣ್ಣೆ’ಯನ್ನು ‘ಸ್ಟಿಕ್’ ಎಂದೂ ಸಾಕ್ಷ್ಯದಲ್ಲಿ ಅದೇ ದೊಣ್ಣೆಯನ್ನು ‘ಕ್ಲಬ್’ ಎಂದೂ ಬರೆದರೆ, ಕನ್ನಡದಲ್ಲಿ ಇಲ್ಲದ ವಿರೋಧ ಇಂಗ್ಲಿಷಿನಲ್ಲಿ ಹುಟ್ಟುತ್ತದೆ. ಬೇಸರ ಬಾರದಿರಲೆಂದು ಪದ ಬದಲಿಸುವ ಅನುವಾದಕನು ಇಲ್ಲಿ ಅಪಾಯಕಾರಿ. ಹಾಗೆಯೇ ಸಾಕ್ಷಿ ಮೊದಲು ‘ಕೋಲು’ ಎಂದು ಆಮೇಲೆ ‘ದೊಣ್ಣೆ’ ಎಂದರೆ ಎರಡನ್ನೂ ‘ಸ್ಟಿಕ್’ ಎಂದು ಒಂದಾಗಿಸುವುದೂ ತಪ್ಪು. ಆ ವ್ಯತ್ಯಾಸ ಯಾರಿಗೋ ಬೇಕಾಗಿರಬಹುದು. ಒಂದೇ ಮೊಕದ್ದಮೆಯ ಕಾಗದಗಳನ್ನು ಬೇರೆ ಬೇರೆ ಗುಮಾಸ್ತರಿಗೆ ಹಂಚಿಕೊಟ್ಟಾಗ ಈ ತೊಂದರೆ ಹೆಚ್ಚು. ಮೊದಲು ಒಂದು ಪದಪಟ್ಟಿ ಮಾಡಿಕೊಂಡು ಆಮೇಲೆ ಹಂಚುವುದರ ಹೊರತು ಇದಕ್ಕೆ ಬೇರೆ ಮದ್ದಿಲ್ಲ.

ಎರಡನೆಯ ಪದ ‘ಅಳಿಯ’. ದಕ್ಷಿಣ ಕನ್ನಡದ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು. 1949ರಲ್ಲಿ ಮದ್ರಾಸು ಶಾಸನಸಭೆ ಅದಕ್ಕೊಂದು ಕಾಯ್ದೆಯನ್ನೂ ಮಾಡಿತು. ಆ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಅಳಿಯನೆಂದರೆ ಸಹೋದರಿಯ ಮಗ, ಅಂದರೆ ಕುಟುಂಬದ ಹಕ್ಕುದಾರ. ಮಗಳ ಗಂಡನೂ ಅಳಿಯನೇ, ಆದರೆ ಅವನಿಗೆ ಅಲ್ಲಿ ಹಕ್ಕಿಲ್ಲ. ‘ಯಜಮಾನರಿಗೂ ಅವರ ಅಳಿಯನಿಗೂ ಗದ್ದೆಯ ವಿಷಯದಲ್ಲಿ ಮಾತು ಬೆಳೆದು’ ಎಂದು ವರದಿ ಆರಂಭವಾದರೆ, ‘ಸನ್ ಇನ್ ಲಾ’ ಎಂಬ ಅನುವಾದ ಜಗಳದ ಕಾರಣವನ್ನೇ ಮಾರ್ಪಡಿಸುತ್ತದೆ: ಪಾಲು ಕೇಳಲು ಹಕ್ಕಿದ್ದವನು ಹೊರಗಿನವನಾಗುತ್ತಾನೆ. ‘ನೆಫ್ಯೂ’ ಎಂದರೂ ಸಾಲದು. ಅದರೊಳಗೆ ಸಹೋದರನ ಮಗನೂ ಸೇರುತ್ತಾನೆ, ಅವನು ಬೇರೆ ಕುಟುಂಬದವನು. ಯಾವ ಅಳಿಯನೆಂದು ಕಡತದ ಬೇರೆ ಕಾಗದದಿಂದ ತಿಳಿದರೆ ‘ಸಿಸ್ಟರ್ಸ್ ಸನ್’ ಎಂದು ಬರೆದು ಆಧಾರ ಹೇಳಬೇಕು. ತಿಳಿಯದಿದ್ದರೆ ‘ಅಳಿಯ’ ಎಂದೇ ಬಿಟ್ಟು ಎರಡೂ ಅರ್ಥಗಳನ್ನು ಅಡಿಯಲ್ಲಿ ಕೊಡಬೇಕು. ಬಂಧುವಾಚಕಗಳ ಬದಲು ‘ದಿ ಅಕ್ಯೂಸ್ಡ್’, ‘ದಿ ಡಿಸೀಸ್ಡ್’ ಎಂದು ಬರೆಯುವ ರೂಢಿಯೂ ಇಂಥದೇ. ವರದಿ ಬರೆದ ಹೊತ್ತಿಗೆ ಅಳಿಯ ಇನ್ನೂ ಆರೋಪಿಯಲ್ಲ. ತಮ್ಮ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದಿರಬಹುದು. ಆ ಪದಗಳು ಮುಂದೆ ಆಗುವುದನ್ನು ಹಿಂದಕ್ಕೆ ತಂದು ಬರೆಯುತ್ತವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಮೆಟ್ಟಿಲುಗಳು ತಲೆಕೆಳಗಾದವು. ಈಗ ಹೇಳುವವನು ಕನ್ನಡಿಗ ಅಥವಾ ತುಳುವ, ಬರೆಯುವವನ ಭಾಷೆ ಮಲಯಾಳಂ. ಸಂವಿಧಾನದ 348ನೆಯ ವಿಧಿಯ ಪ್ರಕಾರ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲೇ ಉಳಿದಿದೆ. 1969ರ ಕೇರಳ ರಾಜಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರದ ಅವಕಾಶ ಕೊಟ್ಟಿತಾದರೂ, ಠಾಣೆಯ ಮೇಜಿನ ಮುಂದೆ ಆಡುವ ಮಾತು ಪತ್ರವ್ಯವಹಾರವಲ್ಲ. ಹಿಂದೆ ಕನ್ನಡವು ಮಲಯಾಳದ ಮಾತಿಗೆ ಇಲ್ಲದ ವಚನವನ್ನು ಸೇರಿಸುತ್ತಿತ್ತು. ಈಗ ಮಲಯಾಳವು ಕನ್ನಡದ ಮಾತಿನಲ್ಲಿದ್ದ ವಚನವನ್ನು ಕಳೆಯುತ್ತದೆ. ಫಿರ್ಯಾದಿ ಹೆಂಗಸು ‘ಅಲ್ಲಿಗೆ ಬಂದಳು, ಬೈದಳು, ಆಮೇಲೆ ಹೊಡೆದರು’ ಎಂದಾಗ ಬೈದವಳು ಒಬ್ಬ ಹೆಣ್ಣು, ಹೊಡೆದದ್ದು ಅವಳೊಬ್ಬಳೇ ಅಲ್ಲ ಎಂಬುದು ಪ್ರತ್ಯಯಗಳಲ್ಲೇ ಇದೆ. ‘ವನ್ನು, ಚೀತ್ತ ಪರಞ್ಞು, ಅಡಿಚ್ಚು’ ಎಂದಾದ ಮೇಲೆ ಅದು ಎಲ್ಲಿಯೂ ಇಲ್ಲ. ಅಲ್ಲಿಂದ ಇಂಗ್ಲಿಷು ಮಾಡುವವನು ಮೂರು ಕ್ರಿಯೆಗಳನ್ನೂ ಒಬ್ಬಳ ತಲೆಗೆ ಕಟ್ಟಿದರೆ ಅವನನ್ನು ದೂರುವಂತಿಲ್ಲ.

ಬರೆಯುವವನು ಎಚ್ಚರಿದ್ದರೆ ಇದು ತಪ್ಪಿಸಲಾಗದ ನಷ್ಟವೇನಲ್ಲ. ಮಲಯಾಳದಲ್ಲಿ ‘ಅವಳ್’, ‘ಅವರ್’ ಎಂಬ ಸರ್ವನಾಮಗಳಿವೆ. ಕನ್ನಡದ ಪ್ರತ್ಯಯದಲ್ಲಿದ್ದುದನ್ನು ಅವುಗಳಲ್ಲಿ ತುಂಬಿ ಪ್ರತಿ ಕ್ರಿಯೆಯ ಮುಂದೆ ಇಟ್ಟರಾಯಿತು. ಮಲಯಾಳದ ಕಿವಿಗೆ ಅದು ತುಸು ಭಾರವಾಗಿ ಕೇಳೀತು. ಗೌರವದ ‘ಹೊಡೆದರು’ ಬಂದಾಗ ಮಾತ್ರ ಹೇಳಿದವರನ್ನೇ ಕೇಳಬೇಕು: ಎಷ್ಟು ಜನ? ಆ ಪ್ರಶ್ನೆಯನ್ನೂ ಉತ್ತರವನ್ನೂ ಬರೆದಿಡಬೇಕು. ಆರೋಪಿಯ ವಿಚಾರಣೆಯನ್ನು ಪ್ರಶ್ನೋತ್ತರಗಳ ಸಮೇತ, ಸಾಧ್ಯವಾದಲ್ಲಿ ಅವನು ಆಡಿದ ಭಾಷೆಯಲ್ಲೇ ಬರೆಯಬೇಕೆಂದು 1898ರ ಸಂಹಿತೆಯ 364ನೆಯ ಕಲಮು ಮ್ಯಾಜಿಸ್ಟ್ರೇಟರಿಗೆ ವಿಧಿಸಿತ್ತು. ಆ ಎಚ್ಚರ ಠಾಣೆಯ ಬರಹಕ್ಕೆ ಇಳಿದುಬರಲಿಲ್ಲ. ತನಿಖೆಯಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಧ್ವನಿ ಮತ್ತು ದೃಶ್ಯ ರೂಪದಲ್ಲಿಯೂ ದಾಖಲಿಸಬಹುದೆಂಬ ಅವಕಾಶ 2009ರ ತಿದ್ದುಪಡಿಯಿಂದ ಬಂದಿದೆ, ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ಕಾಸರಗೋಡಿನ ಒಬ್ಬ ಕನ್ನಡ ಸಾಕ್ಷಿಯ ದನಿ ಹಾಗೆ ದಾಖಲಾಗಿ ಕಡತದ ಜೊತೆ ಹೋದರೆ, ಇಂಗ್ಲಿಷ್ ಅನುವಾದಕನು ಮಲಯಾಳದ ‘ಅಡಿಚ್ಚು’ವಿನ ಮುಂದೆ ಅನುಮಾನಿಸಿ ನಿಂತಾಗ ಹಿಂದಿರುಗಿ ಕೇಳಲು ಒಂದು ‘ಹೊಡೆದರು’ ಇರುತ್ತದೆ.